ಬಣ್ಣ, ವಿಳಾಸ ಎರಡಕ್ಕೂ ಒಂದೇ ಪತ್ರ: ನನ್ನ ಅನುಭವ

ಕಾರಿನ ಬೆಳ್ಳಿ ಬಣ್ಣ ಕೆಂಪಾಯಿತು, ಅದೇ ತಿಂಗಳು ನಮ್ಮ ಮನೆ ದಾವಣಗೆರೆಯಿಂದ ಮೈಸೂರಿಗೆ ಬಂತು. ಪಾಲಿಸಿಯಲ್ಲಿ ಎರಡನ್ನೂ ಬದಲಿಸಿ ಎಂದು ಒಂದೇ ಪತ್ರದಲ್ಲಿ ಕೇಳಿದರೆ ವಿಮಾ ಕಂಪನಿ ಒಪ್ಪುವುದಿಲ್ಲ, ನವೀಕರಣದವರೆಗೆ ಸುಮ್ಮನಿರಿ ಎಂದು ಏಜೆಂಟರು ಹೇಳಿದ್ದರು. ಬೇಕಾದರೆ ಸಾವಿರದೈನೂರು ರೂಪಾಯಿಗೆ ತಾವೇ ಮಾಡಿಸಿಕೊಡುವುದಾಗಿಯೂ ಹೇಳಿದರು. ಕಳೆದ ವಾರ ಎರಡೂ ತಿದ್ದುಪಡಿಗಳಿರುವ ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಯ ತಿದ್ದುಪಡಿ ಪತ್ರ, ನನ್ನ ಕೈ ಸೇರಿತು. ಹೆಚ್ಚುವರಿ ಪ್ರೀಮಿಯಂ ಒಂದು ರೂಪಾಯಿಯೂ ಇಲ್ಲ. ಅಂಚೆ, ಜೆರಾಕ್ಸ್ ಎಲ್ಲ ಸೇರಿ ನೂರೈವತ್ತರ ಆಸುಪಾಸು ಖರ್ಚಾಯಿತು.

ಮೊದಲ ಪತ್ರವನ್ನು ಪೇಂಟಿಂಗ್ ಮುಗಿದ ಮರುದಿನವೇ ಕಳುಹಿಸಿದೆ. ಆರ್‌ಸಿಯಲ್ಲಿ ಇನ್ನೂ ಹಳೆಯ ಬಣ್ಣವಿದೆ ಎಂದು ಅದು ವಾಪಸಾಯಿತು. ಅವರ ಮಾತು ಸರಿಯೇ. ಪಾಲಿಸಿ ನಡೆಯುವುದು ಆರ್‌ಸಿಯ ಹಿಂದೆ, ಅದರ ಮುಂದೆ ಅಲ್ಲ. ಆರ್‌ಟಿಒದಲ್ಲಿ ಬಣ್ಣದ ಅರ್ಜಿ, ವಿಳಾಸಕ್ಕೆ ಫಾರಂ 33 ಎರಡೂ ಮುಗಿದು ಹೊಸ ಆರ್‌ಸಿ ಬರಲು ಸುಮಾರು ಐದು ವಾರ ಹಿಡಿಯಿತು.

ಎರಡನೆಯ ಪತ್ರ ಸೋತದ್ದು ಒಂದೇ ಒಂದು ಪದದಿಂದ. ಪೇಂಟರ್ ಬಿಲ್‌ನಲ್ಲಿ ‘ಮೆರೂನ್’ ಎಂದಿತ್ತು, ನಾನೂ ಹಾಗೆಯೇ ಬರೆದೆ. ಆರ್‌ಸಿಯಲ್ಲಿ ಇದ್ದದ್ದು ‘ರೆಡ್’. ನಲವತ್ತು ಸಾವಿರ ಸುರಿದ ಬಣ್ಣವನ್ನು ಬರೀ ಕೆಂಪು ಎನ್ನಲು ಮನಸ್ಸು ಒಪ್ಪದಿದ್ದರೂ ಮೂರನೆಯ ಪತ್ರದಲ್ಲಿ ಆರ್‌ಸಿಯ ಪದವನ್ನೇ ಅಕ್ಷರಶಃ ಇಳಿಸಿದೆ.

ಆ ಪತ್ರದ ನಡುಭಾಗ ಹೀಗಿತ್ತು:

“1. ಬಣ್ಣ: ಪಾಲಿಸಿಯಲ್ಲಿ ಈಗ ಇರುವುದು ಸಿಲ್ವರ್, ಆರ್‌ಸಿಯ ಪ್ರಕಾರ ಆಗಬೇಕಾದದ್ದು ರೆಡ್.
2. ವಿಳಾಸ: ಈಗ ಇರುವುದು ದಾವಣಗೆರೆಯದು, ಆರ್‌ಸಿಯ ಪ್ರಕಾರ ಆಗಬೇಕಾದದ್ದು ಕೆಳಗೆ ಬರೆದಿರುವ ಮೈಸೂರಿನ ವಿಳಾಸ.
ವಾಹನದ ಮಾಲೀಕತ್ವ, ನೋಂದಣಿ ಸಂಖ್ಯೆ, ಎಂಜಿನ್ ಮತ್ತು ಚಾಸಿ ಸಂಖ್ಯೆಗಳಲ್ಲಿ ಬದಲಾವಣೆ ಇಲ್ಲ. ಎರಡಕ್ಕೂ ಎಂಡಾರ್ಸ್‌ಮೆಂಟ್ ನೀಡಬೇಕೆಂದು ಕೋರುತ್ತೇನೆ.”

ಕೆಲಸ ಮಾಡಿದ್ದು ಆ ‘ಬದಲಾವಣೆ ಇಲ್ಲ’ ಎಂಬ ಸಾಲು ಎಂದೇ ನನ್ನ ನಂಬಿಕೆ. ಎಂಜಿನ್ ಬದಲಾಗಿದೆಯೇ, ಗಾಡಿ ಮಾರಾಟವಾಗಿದೆಯೇ ಎಂಬ ಮರುಪ್ರಶ್ನೆ ಈ ಬಾರಿ ಬರಲಿಲ್ಲ. ಆರ್‌ಸಿ, ಪಾಲಿಸಿ, ಪೇಂಟಿಂಗ್ ಬಿಲ್‌ಗಳ ಪ್ರತಿಗಳ ಜೊತೆ ನಾಲ್ಕು ಫೋಟೊ ಇಟ್ಟಿದ್ದೆ. ಅವುಗಳನ್ನು ತೆಗೆದ ಬಗೆಯಲ್ಲಿ ಒಂದು ಉಪಾಯವಿದೆ, ಅದು ನನ್ನಲ್ಲೇ ಇರಲಿ. ಕಾರಿನ ಮೇಲೆ ಸಾಲವಿದ್ದವರು ಬ್ಯಾಂಕಿನ ಒಪ್ಪಿಗೆಯನ್ನೂ ಸೇರಿಸಬೇಕು. ನನ್ನ ಸಾಲ ತೀರಿತ್ತು.

ನಡುವೆ ಹೆಂಡತಿಯ ಸ್ಕೂಟರಿನ ಮೇಲೂ ಒಂದು ಪ್ರಯೋಗ ಮಾಡಿದೆ. ಅದಕ್ಕೆ ವಿಳಾಸ ಬದಲಾವಣೆ ಮಾತ್ರ ಬೇಕಿತ್ತು, ಇಮೇಲ್‌ನಲ್ಲೇ ನಾಲ್ಕೈದು ದಿನಕ್ಕೆ ಮುಗಿಯಿತು. ಕಾರಿಗೆ ಮಾತ್ರ ಶಾಖೆಗೇ ಹೋಗಿ ನಕಲು ಪ್ರತಿಯ ಮೇಲೆ ದಿನಾಂಕದ ಸೀಲು ಹಾಕಿಸಿಕೊಂಡೆ. ಯಾವ ದಿನ ಕೇಳಿದೆ ಎನ್ನುವುದಕ್ಕೆ, ನಾಳೆ ಅಪಘಾತವಾದರೆ ನಷ್ಟ ನೋಡಲು ಬರುವ ಸರ್ವೇಯರ್ ಮುಂದೆ ಹಿಡಿಯಲು ಬೇರೆ ಪುರಾವೆ ಇರುವುದಿಲ್ಲ.

ಎಂಡಾರ್ಸ್‌ಮೆಂಟ್ ಬಂದ ದಿನ ಆರ್‌ಸಿಯನ್ನು ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಓದಿದೆ. ಬಣ್ಣ ಸರಿ, ಬೀದಿ ಸರಿ, ಪಿನ್‌ಕೋಡ್‌ನ ಕೊನೆಯ ಅಂಕಿ ತಪ್ಪು. ಅದನ್ನು ತಿದ್ದಿಸಲು ಇಂದು ಬೆಳಿಗ್ಗೆ ನಾಲ್ಕನೆಯ ಪತ್ರ ಕೊಟ್ಟು, ಅದಕ್ಕೂ ಸೀಲು ಹಾಕಿಸಿಕೊಂಡು ಬಂದಿದ್ದೇನೆ.