ಸಾವಿರ ಕ್ಲಿಕ್ಕಿಗಿಂತ ಇನ್ನೂರೈವತ್ತು ಫೋನ್ ಕರೆ: ಆನ್‌ಲೈನ್ ಸರ್ವೆಗೆ ವೇಟೇಜ್ ಹಾಕಿದ ನನ್ನ ಅನುಭವ

"ಆನ್‌ಲೈನ್ ಸ್ಯಾಂಪಲ್ ತಗೊಂಡು ಇಡೀ ಕರ್ನಾಟಕದ ಲೆಕ್ಕ ಹೇಳ್ತೀಯಾ? ಬೆಂಗಳೂರಿನ ಹುಡುಗರ ಲೆಕ್ಕ ಅಂತ ಬರಿ" ಎಂದು ನಮ್ಮ ಫೀಲ್ಡ್ ಕೆಲಸದ ಹಿರಿಯರೊಬ್ಬರು ನಕ್ಕಿದ್ದರು. ಕೊನೆಗೆ ನಮ್ಮ ಅಂಕಿ ಮನೆಮನೆ ಸರ್ವೆಯ ಅಂಕಿಗೆ ಎರಡು ಪಾಯಿಂಟ್ ಹತ್ತಿರ ಬಂತು. ಅದಕ್ಕೇ ಇದನ್ನು ಬರೀತಾ ಇದ್ದೇನೆ.

ಪ್ರಶ್ನೆ ಸುಲಭದ್ದು. ಮನೆ ದಿನಸಿಯನ್ನು ಮೊಬೈಲ್ ಆ್ಯಪ್‌ನಲ್ಲಿ ತರಿಸುವವರು ಎಷ್ಟು ಜನ? ನಮಗೆ ಸರ್ವೆ ಒಪ್ಪಿಸಿದ, ಎಣ್ಣೆ, ಬೇಳೆ ಮಾರುವ ಗ್ರಾಹಕರಿಗೆ ರಾಜ್ಯದ ಒಟ್ಟು ಚಿತ್ರ ಬೇಕಿತ್ತು. ದುಡ್ಡು ಮಾತ್ರ ಕಮ್ಮಿ. ಜಾಹೀರಾತು ಹಾಕಿ, ಲಿಂಕ್ ಹಂಚಿ, ಸುಮಾರು 2,000 ಉತ್ತರ ಸೇರಿಸಿದೆವು. ಒಂದಕ್ಕೆ ಹದಿನೆಂಟು ರೂಪಾಯಿ ಬಿದ್ದಿರಬೇಕು. ಶೇ 56 ಜನ "ಹೌದು, ಆ್ಯಪ್‌ನಲ್ಲೇ" ಅಂದರು. ನಂಬೋ ಮಾತಾ ಅದು?

ಸ್ಯಾಂಪಲ್ ಬಿಚ್ಚಿ ನೋಡಿದರೆ 1,160 ಜನ ನಗರದ 18–29ರ ಹುಡುಗ ಹುಡುಗಿಯರು. ನಗರದ 30 ದಾಟಿದವರು 500, ಹಳ್ಳಿಯ ಯುವಕರು 220, ಹಳ್ಳಿಯ 30 ದಾಟಿದವರು ಬರೀ 120. ಜನಸಂಖ್ಯೆಯ ಗುರಿಯಾಗಿ ನಾನು ಇಟ್ಟುಕೊಂಡದ್ದು ಇದೇ ಸಾಲಿನಲ್ಲಿ ಶೇ 12, 30, 17, 41. 2011ರ ಜನಗಣತಿಯಲ್ಲಿ ಕರ್ನಾಟಕದ ನಗರವಾಸಿಗಳು ಶೇ 38.67. 2021ರ ಗಣತಿ ನಡೆಯಲೇ ಇಲ್ಲ. ಹಾಗಾಗಿ 2011ರಿಂದ 2036ರ ತನಕದ ಸರ್ಕಾರಿ ಜನಸಂಖ್ಯಾ ಅಂದಾಜು ನೋಡಿ ಸ್ವಲ್ಪ ಏರಿಸಿಕೊಂಡೆ. ಮತದಾರರ ಪಟ್ಟಿಯನ್ನೇ ಗುರಿ ಮಾಡಿ ಒಮ್ಮೆ ನೋಡಿದ್ದೆ. ಹೊಸದಾಗಿ ಹದಿನೆಂಟು ತುಂಬಿದ ಎಷ್ಟೋ ಜನ ಅದರಲ್ಲಿ ಇರೋದೇ ಇಲ್ಲ, ಬಿಟ್ಟುಬಿಟ್ಟೆ.

ವೇಟ್ ಹಾಕೋದು ಅಂದರೆ ಗುಂಪಿನ ಗುರಿಯ ಪಾಲನ್ನು ಸ್ಯಾಂಪಲ್‌ನಲ್ಲಿ ಅದರ ಪಾಲಿನಿಂದ ಭಾಗಿಸೋದು. ನಗರದ ಯುವಕನಿಗೆ 12ನ್ನು 58ರಿಂದ ಭಾಗಿಸಿ 0.2, ಹಳ್ಳಿಯ ಹಿರಿಯರಿಗೆ 41ನ್ನು 6ರಿಂದ ಭಾಗಿಸಿ 6.8. ಶೇ 56 ಇದ್ದದ್ದು 34ಕ್ಕೆ ಇಳಿಯಿತು. ಗ್ರಾಹಕರಿಗೆ ಖುಷಿ. ನನಗೆ ಸಮಾಧಾನ ಆಗಲಿಲ್ಲ, ಯಾಕಂದರೆ ಆ 120 ಜನರ ಉತ್ತರಗಳನ್ನು ಒಂದೊಂದಾಗಿ ಓದಿದ್ದೆ. ಮೇಷ್ಟ್ರು, ಸೊಸೈಟಿ ಕಾರ್ಯದರ್ಶಿ, ಬ್ಯಾಂಕಿನವರು, ಕಾಲೇಜು ಗುಮಾಸ್ತರು. ಮುಕ್ಕಾಲು ಪಾಲು ಡಿಗ್ರಿಯವರೇ. ಎಸ್ಸೆಸ್ಸೆಲ್ಸಿಗಿಂತ ಕಮ್ಮಿ ಓದಿದವರು ಒಂಬತ್ತೋ ಹತ್ತೋ ಜನ. ವಯಸ್ಸು ಮತ್ತು ಊರು ಸರಿಮಾಡಿದರೆ ಹಳ್ಳಿಯ ಮೇಷ್ಟ್ರಿಗೆ ಏಳು ಪಟ್ಟು ಬೆಲೆ ಸಿಗುತ್ತೆ ಅಷ್ಟೇ, ಕೂಲಿಗೆ ಹೋಗುವವರು ಲೆಕ್ಕಕ್ಕೆ ಬರೋದಿಲ್ಲ.

ಹಾಗಾಗಿ ಓದನ್ನೂ, ಜೊತೆಗೆ ಲಿಂಗವನ್ನೂ ಸೇರಿಸಿ ರೇಕಿಂಗ್ ಮಾಡಿದೆ, ಅಂದರೆ ಒಂದೊಂದರ ಪಾಲೂ ಗುರಿಗೆ ಕೂರುವ ತನಕ ವೇಟ್ ತಿದ್ದುತ್ತಾ ಹೋದೆ. ಆರ್ ಎಂಬ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಇಷ್ಟೇ, p1, p2, p3 ಗುರಿಯ ಕೋಷ್ಟಕಗಳು:

```r
library(survey)
d <- svydesign(ids = ~1, data = s)
r <- rake(d, list(~vaya_sthala, ~odu, ~linga),
          list(p1, p2, p3))
w <- weights(r)
sum(w)^2 / sum(w^2)
```

ಕೊನೆಯ ಸಾಲನ್ನು ಬಹಳ ಜನ ಓಡಿಸೋದೇ ಇಲ್ಲ. ಸಂಖ್ಯಾಶಾಸ್ತ್ರಜ್ಞ ಲೆಸ್ಲಿ ಕಿಶ್ ಅವರ ಲೆಕ್ಕ ಅದು. ಹೆಸರಿಗೆ 2,000 ಇದ್ದರೂ ನಿಜವಾಗಿ ಎಷ್ಟು ಜನರ ಬಲ ಉಳಿದಿದೆ ಅಂತ ಹೇಳುತ್ತೆ. ಓದನ್ನು ಸೇರಿಸುವ ಮೊದಲೇ ಅದು 580ಕ್ಕೆ ಬಂದಿತ್ತು. ಸೇರಿಸಿದ ಮೇಲೆ ಇನ್ನೂ ಪಾತಾಳಕ್ಕೆ. ಆ ಒಂಬತ್ತು–ಹತ್ತು ಜನರಲ್ಲಿ ಒಬ್ಬೊಬ್ಬರ ವೇಟ್ ನಲವತ್ತರ ಹತ್ತಿರ ಹೋಯಿತು. ಸಿಂಧನೂರು ಕಡೆಯ ಒಬ್ಬ ಹೆಂಗಸು ಆ್ಯಪ್‌ನಲ್ಲೇ ತರಿಸ್ತೀವಿ ಅಂದಿದ್ದರು. ಮಗ ಬೆಂಗಳೂರಿನಲ್ಲಿ ಕೂತು ಆರ್ಡರ್ ಮಾಡ್ತಾನಂತೆ. ಅವರೊಬ್ಬರೇ ರಾಜ್ಯದ ಅಂಕಿಯನ್ನು ಎರಡು ಪಾಯಿಂಟ್ ಮೇಲೆತ್ತುತ್ತಿದ್ದರು.

ಆಗ ಎಲ್ಲರೂ ಹೇಳೋದು ಒಂದೇ, "ಟ್ರಿಮ್ ಮಾಡು." `trimWeights` ಹಾಕಿ ಯಾವ ವೇಟೂ ಐದು ದಾಟದಂತೆ ಕತ್ತರಿಸಿದೆ. ಆಟ ನಿಂತಿತು, ಆದರೆ ಉತ್ತರ ಮತ್ತೆ 30ರ ಮೇಲೆ ಹೋಗಿ ಕೂತಿತು. ಯಾರನ್ನು ಒಳಗೆ ತರಬೇಕು ಅಂತ ಇಷ್ಟೆಲ್ಲ ಮಾಡಿದೆವೋ ಅವರನ್ನೇ ಹೊರಗೆ ಹಾಕಿದಂತೆ ಆಯಿತು. ಸ್ಯಾಂಪಲ್‌ನಲ್ಲಿ ಇಲ್ಲದವರನ್ನು ವೇಟ್ ಹುಟ್ಟಿಸೋದಿಲ್ಲ.

ಈಗ ದುಡ್ಡಿನ ಮಾತು. ಗ್ರಾಹಕರು, "ಇನ್ನೊಂದು ಸಾವಿರ ಉತ್ತರ ತಗೊಳ್ಳಿ, ದೊಡ್ಡದಾದರೆ ಸರಿಹೋಗುತ್ತೆ" ಅಂದರು. ಸಾವಿರ ಅಂದರೆ ಹದಿನೆಂಟು ಸಾವಿರ ರೂಪಾಯಿ. ಬರೋರೆಲ್ಲ ಮತ್ತೆ ನಗರದ ಹುಡುಗರೇ ತಾನೇ? ಅವರ ಮುಂದೆ ಕೂತು ಲೆಕ್ಕ ಮಾಡಿ ತೋರಿಸಿದೆ. ಪ್ರತಿ ಗುಂಪಿನ ಗುರಿಯ ಪಾಲನ್ನು ವರ್ಗ ಮಾಡಿ, ಆ ಗುಂಪಿನ ಜನರಿಂದ ಭಾಗಿಸಿ, ಎಲ್ಲ ಕೂಡಿಸಿ, ಒಂದನ್ನು ಅದರಿಂದ ಭಾಗಿಸಿದರೆ ಬಲ ಸಿಗುತ್ತೆ. ಯುವಕರು 1,160ರಿಂದ 2,160 ಆದರೆ 580 ಇದ್ದದ್ದು 582 ಆಗುತ್ತೆ. ಹದಿನೆಂಟು ಸಾವಿರಕ್ಕೆ ಎರಡು ಜನ! ಅದರ ಬದಲು ಹಳ್ಳಿಯ 30 ದಾಟಿದವರು 120ರಿಂದ 370 ಆದರೆ ಅದೇ 580 ಜಿಗಿದು 1,285ರ ಹತ್ತಿರ ಬರುತ್ತೆ. ಫೋನ್ ಕರೆಗೆ ಒಂದಕ್ಕೆ 140 ರೂಪಾಯಿ ಅಂದರೂ ಮೂವತ್ತೈದು ಸಾವಿರ. ಮನೆಮನೆಗೆ ಹೋದರೆ ಮೂರು ಪಟ್ಟು. ಗ್ರಾಹಕರು ಹತ್ತು ನಿಮಿಷದಲ್ಲಿ ಒಪ್ಪಿದರು.

ಕರೆಯಲ್ಲೂ ತೊಂದರೆ ಇತ್ತು. ಮೊದಲ ವಾರ ಫೋನ್ ಎತ್ತಿದವರೆಲ್ಲ ಮನೆಯ ಮಗ. ಪುಸ್ತಕದಲ್ಲಿ ಹೇಳುವಂತೆ "ಮನೆಯಲ್ಲಿ ಮೂವತ್ತು ದಾಟಿದವರಲ್ಲಿ ಮುಂದಿನ ಹುಟ್ಟುಹಬ್ಬ ಯಾರದು?" ಅಂತ ಕೇಳಿಸಿದೆ. ಅಜ್ಜಿಯ ಹುಟ್ಟಿದ ದಿನ ಯಾರಿಗೆ ಗೊತ್ತು? "ಎಲ್ಲರದ್ದೂ ಜೂನ್ ಒಂದು ಅಂತ ಬರ್ಕೊಳ್ಳಿ ಸಾರ್" ಅಂದವರೂ ಇದ್ದರು. ಆಮೇಲೆ ಬೇರೆ ಉಪಾಯ ಹುಡುಕಿದೆ. ಅದು ನನ್ನ ಹತ್ತಿರವೇ ಇರಲಿ, ನಂಬರ್ ಎಲ್ಲಿಂದ ಬಂತು ಅನ್ನೋದೂ ಇರಲಿ. ಸಂಜೆ ಏಳರ ಮೇಲೆ ಕರೆ ಮಾಡಿದರೆ ಹೆಂಗಸರು ಸಿಗ್ತಾರೆ ಅನ್ನೋದು ಮಾತ್ರ ಬಿಟ್ಟುಕೊಡ್ತೇನೆ.

ಇದರ ಮಧ್ಯೆ ಇನ್ನೊಂದು ಪ್ರಯೋಗ ಮಾಡಿದೆ. "ನೀವು ನಗರದವರಾ, ಹಳ್ಳಿಯವರಾ?" ಅಂತ ಕೇಳಿದರೆ ಬೆಂಗಳೂರಿನ ಪಿಜಿಯಲ್ಲಿರುವ ಹುಡುಗ ಹಾಸನದ ಹಳ್ಳಿ ಅಂತ ಒತ್ತುತ್ತಾನೆ. ಹಳ್ಳಿಯ ಯುವಕರ ಗುಂಪಿನಲ್ಲಿ ಅಂಥವರು ಸೇರಿಕೊಂಡರೆ ವೇಟ್ 1.5 ಸಿಗುತ್ತೆ, ತಪ್ಪು ದೊಡ್ಡದಾಗುತ್ತೆ. ಪಿನ್ ಕೋಡ್ ನೋಡಿದೆ, ಒಂದೇ ಪಿನ್‌ನಲ್ಲಿ ಪೇಟೆಯೂ ಇರುತ್ತೆ, ಸುತ್ತಲ ಹಳ್ಳಿಯೂ ಇರುತ್ತೆ. ಕೆಲಸಕ್ಕೆ ಬಂದದ್ದು ಎರಡು ಪ್ರಶ್ನೆ. ಹೋದ ತಿಂಗಳು ಜಾಸ್ತಿ ದಿನ ಯಾವ ಊರಿನಲ್ಲಿ ಮಲಗಿದ್ರಿ? ಅಲ್ಲಿ ಇರೋದು ಗ್ರಾಮ ಪಂಚಾಯಿತಿಯಾ, ಪಟ್ಟಣ ಪಂಚಾಯಿತಿಯಾ, ಪುರಸಭೆಯಾ, ನಗರಸಭೆಯಾ, ಪಾಲಿಕೆಯಾ? ಗ್ರಾಮ ಪಂಚಾಯಿತಿ ಇದ್ದರೂ ಗಣತಿಯವರು ಪಟ್ಟಣ ಅಂತ ಎಣಿಸುವ ಊರುಗಳಿವೆ, ಅವನ್ನು ಕೈಯಲ್ಲೇ ತಿದ್ದಿದೆ.

ಫೋನ್ ಉತ್ತರ ಸೇರಿಸಿ ಮತ್ತೆ ರೇಕಿಂಗ್ ಓಡಿಸಿದಾಗ ಯಾರ ವೇಟೂ ಐದಾರು ದಾಟಲಿಲ್ಲ, ಟ್ರಿಮ್ ಬೇಕಾಗಲಿಲ್ಲ. ಓದನ್ನೂ ಸೇರಿಸಿದ ಬಲ 900ರ ಆಸುಪಾಸು. ಉತ್ತರ ಶೇ 24. ಆಮೇಲೆ ಗ್ರಾಹಕರು ತಮ್ಮ ಖರ್ಚಿನಲ್ಲಿ ಒಂದು ಸಣ್ಣ ಮನೆಮನೆ ಸರ್ವೆ ಮಾಡಿಸಿದರು, ಅದರಲ್ಲಿ 22 ಬಂತು. ನಕ್ಕಿದ್ದ ಹಿರಿಯರು ಈಗ ಆರ್ ಫೈಲ್ ಕಳಿಸು ಅಂತಿದ್ದಾರೆ.

ಈ ಕೂಡಿಸುವ ಉಪಾಯ ನಡೆದದ್ದು ಜನ ಏನು ಮಾಡ್ತಾರೆ ಅಂತ ಕೇಳುವ ಪ್ರಶ್ನೆಗೆ. "ಈ ಬ್ರ್ಯಾಂಡ್ ಇಷ್ಟವಾ?" ಎನ್ನುವ ಪ್ರಶ್ನೆಗೆ ಫೋನಿನಲ್ಲಿ ಎಲ್ಲರೂ ಹೌದು ಅಂತಾರೆ. ಎದುರಿಗೆ ಮಾತಾಡುವವರನ್ನು ಬೇಜಾರು ಮಾಡಬಾರದು ಅಂತ. ಅದೇ ಜನ ಸ್ಕ್ರೀನ್ ಮೇಲೆ ಸುಮ್ನೆ ಮೂರು ಸ್ಟಾರ್ ಕೊಡ್ತಾರೆ. ಆ ಪ್ರಶ್ನೆಗಳಿಗೆ ಫೋನ್ ಮತ್ತು ಆನ್‌ಲೈನ್ ಉತ್ತರಗಳನ್ನು ನಾನು ಕೂಡಿಸೋದಿಲ್ಲ, ಎರಡು ಕಾಲಂ ಬೇರೆಬೇರೆ ಮಾಡಿ ಕೊಡ್ತೇನೆ.