ನಾಲ್ಕೈದು ವರ್ಷ ಮುಟ್ಟದೇ ಇದ್ದ ಜಿಮೇಲ್ ವಾಪಸ್ ತೆಗೆದಿದ್ದು: ನನ್ನ ಅನುಭವ

ಚಿಕ್ಕಮಗಳೂರಲ್ಲಿ ಕಂಪ್ಯೂಟರ್ ಸರ್ವೀಸ್ ಮಾಡೋ ನಮ್ಮ ಸ್ನೇಹಿತರೆಲ್ಲ ಒಂದೇ ಮಾತು ಹೇಳಿದ್ರು, "ಎರಡ್ ವರ್ಷ ದಾಟಿದೆ, ಅಕೌಂಟ್ ಹೋಯ್ತು, ಸುಮ್ನೆ ಟೈಮ್ ವೇಸ್ಟ್ ಮಾಡ್ಕೋಬೇಡ" ಅಂತ. ಹೋಗಿರ್ಲಿಲ್ಲ. ತೆಗೆದು ಕೊಟ್ಟಿದ್ದೀನಿ, ಅದಕ್ಕೇ ಬರೀತಿದ್ದೀನಿ.

ಆಲ್ದೂರು ಕಡೆ ಕಾಫಿ ತೋಟದ ಗೌಡ್ರು ಒಬ್ರು. ಅವ್ರ ಹಳೇ ಜಿಮೇಲ್ ಕೊರೋನಾ ಟೈಮಲ್ಲಿ ಯೂಸ್ ಮಾಡಿದ್ದೇ ಕೊನೆ, ಆಮೇಲೆ ಹೊಸ ಫೋನು ಹೊಸ ಮೇಲು. ಈಗ ತೋಟದ ಪಾಲಿನ ವಿಚಾರಕ್ಕೆ ಹಳೇ ಸರ್ವೆ ಸ್ಕೆಚ್ಚು, ಅಗ್ರಿಮೆಂಟ್ ಸ್ಕ್ಯಾನು ಬೇಕು, ಅದೆಲ್ಲ ಹಳೇ ಮೇಲಲ್ಲೇ ಇರೋದು. ಪಾಸ್‌ವರ್ಡ್ ಮರ್ತಿದೆ, ಆ ಅಕೌಂಟಿಗೆ ಕೊಟ್ಟಿದ್ದ ಸಿಮ್ಮು ರೀಚಾರ್ಜ್ ಮಾಡದೇ ಡೆಡ್ ಆಗಿ ಆ ನಂಬರ್ ಬೇರೆ ಯಾರಿಗೋ ಹೋಗಿದೆ. ನನ್ ಹತ್ರ ಬರೋ ಮೊದ್ಲೇ ಆನ್‌ಲೈನಲ್ಲಿ ಯಾರೋ ಒಬ್ಬ "ರಿಕವರಿ ಗ್ಯಾರಂಟಿ" ಅಂತ ಹೇಳಿ ಎರಡೂವರೆ ಸಾವಿರ ಇಸ್ಕೊಂಡು ಫೋನ್ ಎತ್ತೋದೇ ಬಿಟ್ಟಿದ್ದ. ದುಡ್ಡು ಕೊಟ್ರೆ ಒಳಗಿಂದ ತೆಗ್ಸಿಕೊಡೋ ದಾರಿ ಯಾರಿಗೂ ಇಲ್ಲ, ಇದನ್ನ ಕಸ್ಟಮರ್‌ಗೆ ಮೊದ್ಲೇ ಹೇಳಿ.

ರೂಲ್ಸ್ ನಿಮಗೆ ಗೊತ್ತಿರೋದೇ, ಆದ್ರೆ ಅರ್ಧ ಮಾತ್ರ ಗೊತ್ತಿರುತ್ತೆ. ಗೂಗಲ್‌ನೋರು 2023ರ ಮೇನಲ್ಲಿ ಹೇಳಿ, ಅದೇ ವರ್ಷ ಡಿಸೆಂಬರಿಂದ ಶುರು ಮಾಡಿದ್ರು: ಎರಡು ವರ್ಷ ಯೂಸ್ ಆಗದೇ ಇರೋ ಪರ್ಸನಲ್ ಅಕೌಂಟ್ ಡಿಲೀಟ್ ಮಾಡ್ಬಹುದು ಅಂತ. ಮಾಡ್ಬಹುದು ಅಷ್ಟೇ, ಎರಡು ವರ್ಷ ತುಂಬಿದ ದಿನಾನೇ ಮಾಡ್ತೀವಿ ಅಂತಲ್ಲ. ಮತ್ತೆ ಮೇಲ್ ಬಂದು ಬೀಳ್ತಾ ಇದ್ರೆ ಅದು ಯೂಸ್ ಅಲ್ಲ, ಬ್ಯಾಂಕಿನ ಮೇಲು ದಿನಾ ಬರ್ತಿದ್ರೂ ನೀವೇ ಲಾಗಿನ್ ಆಗಿ ಮೇಲ್ ಓದೋದು, ಕಳ್ಸೋದು, ಯೂಟ್ಯೂಬ್ ನೋಡೋದು ಹೀಗೆ ಏನಾದ್ರೂ ಮಾಡಿದ್ರೆ ಮಾತ್ರ ಲೆಕ್ಕಕ್ಕೆ ಬರೋದು. ಡಿಲೀಟ್ ಮಾಡೋ ಮುಂಚೆ ನೋಟಿಸ್ ಕಳಿಸ್ತಾರೆ, ಆದ್ರೆ ಕಳ್ಸೋದು ಅದೇ ಮೇಲಿಗೆ ಮತ್ತೆ ರಿಕವರಿ ಮೇಲಿಗೆ. ಎರಡೂ ಮುಚ್ಚಿದ್ರೆ ನೋಡೋರ್ ಯಾರು. ಇನ್ನೊಂದು, ಆ ಅಕೌಂಟಿಂದ ಯೂಟ್ಯೂಬಿಗೆ ವಿಡಿಯೋ ಹಾಕಿದ್ರೆ ಸದ್ಯಕ್ಕೆ ಡಿಲೀಟ್ ಮಾಡೋ ಪ್ಲಾನ್ ಇಲ್ಲ ಅಂತ ಆಗ್ಲೇ ಹೇಳಿದ್ರು. ನನ್ ಕೈ ಹಿಡಿದಿದ್ದು ಇದೇ.

ಮೊದಲನೇ ಕೆಲಸ ಅಕೌಂಟ್ ಬದುಕಿದ್ಯಾ ನೋಡೋದು. ನಮ್ಮೋರು ಮಾಡೋದು ಏನಂದ್ರೆ ಅದೇ ಹೆಸರಲ್ಲಿ ಹೊಸ ಜಿಮೇಲ್ ಮಾಡೋಕೆ ನೋಡ್ತಾರೆ, taken ಅಂತ ಬಂದ್ರೆ ಇದೆ ಅಂತಾರೆ. ಅದು ಪ್ರೂಫೇ ಅಲ್ಲ, ಜಿಮೇಲಲ್ಲಿ ಡಿಲೀಟ್ ಆದ ಹೆಸರನ್ನೂ ಇನ್ನೊಬ್ರಿಗೆ ಕೊಡಲ್ಲ, ಸತ್ತಿದ್ರೂ taken ಅಂತಾನೇ ಬರೋದು. ಅದರ ಬದ್ಲು ಒಂದು ಮೇಲ್ ಕಳ್ಸಿ ನೋಡಿ. `550 5.1.1` ಜೊತೆ `does not exist` ಅಂತ ವಾಪಸ್ ಬಂದ್ರೆ ಆ ಅಡ್ರೆಸ್ಸೇ ಇಲ್ಲ. ಗೌಡ್ರದ್ದು ವಾಪಸ್ ಬರ್ಲಿಲ್ಲ. ಆಮೇಲೆ ಅವ್ರ ಮಗಳು ಹೇಳಿದ್ಲು, "ಅಂಕಲ್, ಕಣದಲ್ಲಿ ಕಾಫಿ ಒಣಗಿಸೋ ವಿಡಿಯೋ ಒಂದು ಅಪ್ಪನ ಅಕೌಂಟಿಂದಾನೇ ಹಾಕಿದ್ದೆ" ಅಂತ. ಹುಡುಕಿದ್ರೆ ಇನ್ನೂ ಪ್ಲೇ ಆಗ್ತಿದೆ! ಅಲ್ಲಿಗೆ ನನಗೆ ಡೌಟೇ ಹೋಯ್ತು.

ಅಂಗಡೀಲಿ ನನ್ ಲ್ಯಾಪ್‌ಟಾಪಲ್ಲಿ ಟ್ರೈ ಮಾಡಿದ್ದೆಲ್ಲ ಫೇಲು. ಗೌಡ್ರು ನೆನಪಿಂದ ಹೇಳಿದ ಪಾಸ್‌ವರ್ಡ್ ಒಂದೊಂದಾಗಿ ಹಾಕಿದ್ವಿ, ಕೊನೆಗೆ ಬರೋದು ಅದೇ, `Google couldn't verify this account belongs to you`. ಜಾಸ್ತಿ ಸಲ ಹೊಡೆದ್ರೆ ಟೂ ಮೆನಿ ಅಟೆಂಪ್ಟ್ಸ್ ಅಂತ ಬಾಗಿಲು ಹಾಕುತ್ತೆ, ಆಗ ಕೈ ಬಿಟ್ಟು ಎರಡು ಮೂರು ದಿನ ಸುಮ್ನಿರಬೇಕು. ಹೊಸ ಮಷೀನು, ಹೊಸ ಜಾಗ, ಹೊಸ ನೆಟ್ಟು ಅಂದ್ರೆ ಅದು ನಂಬಲ್ಲ. ಆದ್ರೆ ಈ ಓಡಾಟದಲ್ಲಿ ಒಂದು ವಿಷಯ ಸಿಕ್ತು, ರಿಕವರಿ ಮೇಲ್ ಯಾಹೂದು ಅಂತ ಚುಕ್ಕೆ ಚುಕ್ಕೆಯಾಗಿ ತೋರಿಸ್ತು. ಸೈಬರ್ ಕೆಫೆ ಕಾಲದಲ್ಲಿ ಮಾಡಿದ್ದಂತೆ, ಗೌಡ್ರಿಗೇ ಮರ್ತೋಗಿತ್ತು.

ಯಾಹೂ ರೂಲೇ ಬೇರೆ. ಅಲ್ಲಿ 12 ತಿಂಗಳು ತೆಗೀದಿದ್ರೆ ಒಳಗಿನ ಮೇಲೆಲ್ಲ ಅಳಿಸಿಬಿಡ್ತಾರೆ, ಅದು ವಾಪಸ್ ಬರಲ್ಲ. ನಾನು ಕಳ್ಸಿದ ಟೆಸ್ಟ್ ಮೇಲು `This mailbox is disabled (554.30)` ಅಂತ ವಾಪಸ್ ಬಂತು. ಇದನ್ನ ನೋಡಿ ಎಲ್ಲರೂ ಕೈ ಬಿಡ್ತಾರೆ. ನಾನು ಬಿಡ್ಲಿಲ್ಲ, ಯಾಕಂದ್ರೆ ಡಿಸೇಬಲ್ ಅಂದ್ರೆ ಡಬ್ಬ ಮುಚ್ಚಿದೆ ಅಂತ, ಐಡಿ ಇನ್ನೂ ಇದ್ರೆ ಲಾಗಿನ್ ಆದ ತಕ್ಷಣ ಮತ್ತೆ ತೆರ್ಕೊಳುತ್ತೆ. ನಮಗೆ ಹಳೇ ಮೇಲ್ ಬೇಕಾಗಿಲ್ಲ, ಒಂದು ಹೊಸ ಕೋಡ್ ಬಂದು ಬಿದ್ರೆ ಸಾಕು.

ಈಗ ಬೇಕಾಗಿದ್ದು ಹಳೇ ಮಷೀನು. ತೋಟದ ಮನೇಲಿ ಆಫೀಸ್ ರೂಮಲ್ಲಿ ವಿಂಡೋಸ್ 7ರ ಡೆಸ್ಕ್‌ಟಾಪ್ ಪ್ಲಾಸ್ಟಿಕ್ ಕವರ್ ಹೊದ್ಕೊಂಡು ಕೂತಿತ್ತು, ಗುಜರಿಗೆ ಹಾಕೋಕೆ ಎತ್ತಿಟ್ಟಿದ್ರಂತೆ. ಮಳೆಗಾಲ, ಒಳಗೆಲ್ಲ ಬೂಷ್ಟು. ರ‍್ಯಾಮ್ ತೆಗೆದು ರಬ್ಬರಲ್ಲಿ ಉಜ್ಜಿ ಹಾಕಿದ ಮೇಲೆ ಡಿಸ್‌ಪ್ಲೇ ಬಂತು. ನೆಟ್ ಕನೆಕ್ಟ್ ಆಯ್ತು, ಆದ್ರೆ ಯಾವ ಪೇಜೂ ಓಪನ್ ಆಗ್ತಿಲ್ಲ, `NET::ERR_CERT_DATE_INVALID`. ಗಡಿಯಾರ ನೋಡಿದ್ರೆ 2009! ಬೋರ್ಡಿನ ಸೆಲ್ ಸತ್ತಿದೆ, ಅದಕ್ಕೆ ಡೇಟ್ ಹಿಂದೆ ಹೋಗಿದೆ, ಸರ್ಟಿಫಿಕೇಟ್ ಮ್ಯಾಚ್ ಆಗ್ತಿಲ್ಲ. ನಲವತ್ತು ರೂಪಾಯಿನ CR2032 ಹಾಕಿ ಟೈಮ್ ಸರಿ ಮಾಡ್ದೆ, ಎಲ್ಲ ಓಪನ್ ಆಯ್ತು.

ಕ್ರೋಮಿನ ಸೆಟ್ಟಿಂಗ್ಸಲ್ಲಿ ಸೇವ್ ಆದ ಪಾಸ್‌ವರ್ಡ್ ಲಿಸ್ಟಲ್ಲಿ ಜಿಮೇಲ್ ಇರ್ಲಿಲ್ಲ, ಯಾಹೂ ಇತ್ತು. ಲಾಗಿನ್ ಆದ್ವಿ, ಇನ್‌ಬಾಕ್ಸ್ ಪೂರ್ತಿ ಖಾಲಿ, ಗೌಡ್ರ ಮುಖ ಸಣ್ಣ ಆಯ್ತು. "ಇರಿ ಗೌಡ್ರೆ, ಇದು ಹೀಗೇ ಇರ್ಬೇಕು" ಅಂದೆ. ನನ್ ಮೇಲಿಂದ ಟೆಸ್ಟ್ ಕಳ್ಸಿದೆ, ಮೊದ್ಲು ವಾಪಸ್ ಬಂತು, ಟೀ ಕುಡ್ದು ಬಂದು ಮತ್ತೆ ಕಳ್ಸಿದ್ರೆ ಬಂದು ಬಿತ್ತು. ಇದನ್ನ ಚೆಕ್ ಮಾಡದೇ ಕೋಡ್ ಕೇಳ್ಬೇಡಿ, ಕೋಡ್ ದಾರೀಲೇ ಹೋಗಿ ಒಂದು ಅಟೆಂಪ್ಟ್ ದಂಡ. ಆಮೇಲೆ ಅದೇ ಕ್ರೋಮಲ್ಲಿ, ಅದೇ ಬ್ರಾಡ್‌ಬ್ಯಾಂಡಲ್ಲಿ `g.co/recover`. ನೆನಪಿರೋ ಕೊನೇ ಪಾಸ್‌ವರ್ಡ್ ಕೇಳ್ತು. ಹಳೇ ಪಾಸ್‌ವರ್ಡುಗಳಲ್ಲಿ ಯಾವುದನ್ನ ಮೊದ್ಲು ಹಾಕ್ಬೇಕು ಅನ್ನೋದಕ್ಕೆ ನನ್ದೇ ಒಂದು ಲೆಕ್ಕ ಇದೆ, ಅದು ಹೊಟ್ಟೆಪಾಡಿನ ವಿಷಯ, ಇಲ್ಲಿ ಬರೆಯಲ್ಲ. ಫೋನಿಗೆ ಕಳಿಸ್ಲಾ ಅಂತು, ಬೇಡ ಅಂತ ಬೇರೆ ದಾರಿ ಒತ್ತಿದೆ, ಆ ನಂಬರ್ ಈಗ ಯಾರ ಹತ್ರ ಇದ್ಯೋ. ಯಾಹೂಗೆ ಕೋಡ್ ಬಂತು, ಹೊಸ ಪಾಸ್‌ವರ್ಡ್ ಇಟ್ವಿ, ಒಳಗೆ ಹೋದ್ವಿ. 2016ರ ಸ್ಕೆಚ್ಚು, ಅಗ್ರಿಮೆಂಟು ಎಲ್ಲ ಇದ್ದಂಗೇ ಇತ್ತು.

ಅವತ್ತೇ ಟೇಕ್‌ಔಟ್ ಹಾಕಿ ಪೂರ್ತಿ ಮೇಲ್ ಹಾರ್ಡ್‌ಡಿಸ್ಕಿಗೆ ಇಳಿಸ್ದೆ, ರಿಕವರಿ ಫೋನ್ ಮಗಳದ್ದು ಹಾಕ್ದೆ. ಇನಾಕ್ಟಿವ್ ಅಕೌಂಟ್ ಮ್ಯಾನೇಜರಲ್ಲಿ 3, 6, 12, 18 ತಿಂಗಳು ಅಂತ ಆಯ್ಕೆ ಇರುತ್ತೆ, 12 ಇಟ್ಟು, ಗೌಡ್ರು ತೆಗೀದಿದ್ರೆ ಮಗಳಿಗೆ ಹೋಗೋ ಹಾಗೆ ಮಾಡ್ದೆ. ಸೆಲ್ಲು, ಪೆಟ್ರೋಲು, ಕೂಲಿ ಎಲ್ಲ ಸೇರಿ ಸಾವಿರದೈನೂರು ತಗೊಂಡೆ, ಅವ್ರು ಒಂದು ಕೆಜಿ ಕಾಳುಮೆಣಸು ಬೇರೆ ಕೊಟ್ರು.

ಇದಾದ್ಮೇಲೆ ನನ್ದೇ ಒಂದು ಹಳೇ ಔಟ್‌ಲುಕ್ ತೆಗೆದು ನೋಡ್ದೆ. ಅಲ್ಲಿ ಎರಡು ಗಡುವು, ಮೇಲ್ ಡಬ್ಬಕ್ಕೆ ಒಂದು ವರ್ಷ, ಅಕೌಂಟಿಗೆ ಎರಡು ವರ್ಷ. ನನ್ದು ಮಧ್ಯದಲ್ಲಿತ್ತು, ಲಾಗಿನ್ ಆಯ್ತು, ಒಳಗೆ ಏನೂ ಇಲ್ಲ. ಅಂದ್ರೆ ಅದನ್ನ ರಿಕವರಿ ಮೇಲಾಗಿ ಇಟ್ಟಿದ್ರೆ ಇದೇ ದಾರಿ ಅಲ್ಲೂ ನಡೆಯುತ್ತೆ.

ಸುದ್ದಿ ಕೇಳಿ ಮೂಡಿಗೆರೆಯಿಂದ ಒಬ್ರು ಬಂದ್ರು. ಟೆಸ್ಟ್ ಮೇಲ್ ಕಳ್ಸಿದೆ, `550 5.1.1`, ಯೂಟ್ಯೂಬಲ್ಲಿ ಏನೂ ಹಾಕಿಲ್ಲ, ಕೊನೆಗೆ ತೆಗೆದಿದ್ದು 2019ರಲ್ಲಂತೆ. ದುಡ್ಡು ಮುಟ್ಟದೇ ವಾಪಸ್ ಕಳ್ಸಿದೆ. ನಿಮ್ ಹತ್ರ ಬಂದ್ರೂ ತಗೋಬೇಡಿ.