ಕಂಪ್ಯೂಟರ್ ಕೊಟ್ಟ ಬಾಕಿ ಪಟ್ಟಿಯನ್ನು ಆಡಿಟ್‌ಗೆ ಬಳಸುವ ಮೊದಲು ಪರೀಕ್ಷಿಸುವುದು ಹೇಗೆ?

ಬೆಂಗಳೂರಿನ ಪೀಣ್ಯದಲ್ಲಿ ಬಿಡಿಭಾಗ ತಯಾರಿಸುವ ಒಂದು ಕಂಪನಿಯ ಆಡಿಟ್. 2025ರ ಮಾರ್ಚ್ 31ಕ್ಕೆ ಗ್ರಾಹಕರಿಂದ ಬರಬೇಕಾದ ಬಾಕಿ 4,82,60,000 ರೂಪಾಯಿ. ಯಾವ ಬಿಲ್ ಎಷ್ಟು ಹಳೆಯದು ಎಂದು ತೋರಿಸುವ ಏಜಿಂಗ್ ರಿಪೋರ್ಟನ್ನು ಅಕೌಂಟೆಂಟ್ ಕೊಟ್ಟರು. ಅದರ ಮೊತ್ತವೂ 4,82,60,000. ಎಲ್ಲ ಖಾತೆಗಳ ಮೊತ್ತವನ್ನು ಒಟ್ಟಿಗೆ ತೋರಿಸುವ ಟ್ರಯಲ್ ಬ್ಯಾಲೆನ್ಸ್ ಜೊತೆ ಒಂದು ರೂಪಾಯಿಯೂ ಹೆಚ್ಚುಕಮ್ಮಿ ಇಲ್ಲ. ನಮ್ಮ ತಂಡದಲ್ಲಿ ಸಿಎ ತರಬೇತಿಗೆ ಬಂದಿದ್ದ ಆರ್ಟಿಕಲ್ ಹುಡುಗ ಖುಷಿಯಿಂದ ಟಿಕ್ ಹಾಕಿದ. ಆದರೆ ಆ ರಿಪೋರ್ಟ್ ತಪ್ಪಾಗಿತ್ತು. ಕಂಪನಿಯ ಹೆಸರು ಇಲ್ಲಿ ಬೇಡ. ಲೆಕ್ಕ ಸುಲಭವಾಗಲಿ ಎಂದು ಅಂಕಿಗಳನ್ನೂ ಬದಲಿಸಿದ್ದೇನೆ.

ಕಂಪನಿಯೇ ತಯಾರಿಸಿ ಕೊಟ್ಟ ಮಾಹಿತಿಯನ್ನು ಬಳಸುವಾಗ ಆಡಿಟರು ಏನು ನೋಡಬೇಕು ಎಂದು ಆಡಿಟ್ ಸಾಕ್ಷ್ಯದ ಕುರಿತಾದ ಮಾನದಂಡ ಎಸ್‌ಎ 500 ಹೇಳುತ್ತದೆ. ಅದು ಸರಿಯಾಗಿದೆಯೇ, ಪೂರ್ತಿಯಾಗಿದೆಯೇ ಎನ್ನುವುದಕ್ಕೆ ಅಗತ್ಯವಿದ್ದಷ್ಟು ಸಾಕ್ಷ್ಯ ಬೇಕು. ನಮ್ಮ ಕೆಲಸಕ್ಕೆ ಬೇಕಾದಷ್ಟು ವಿವರ ಅದರಲ್ಲಿದೆಯೇ ಎಂದೂ ನೋಡಬೇಕು. ಸಾಫ್ಟ್‌ವೇರ್‌ನಿಂದ ಬಂತು ಅಂದಮಾತ್ರಕ್ಕೆ ಈ ಪ್ರಶ್ನೆಗಳಿಗೆ ಉತ್ತರ ಸಿಗುವುದಿಲ್ಲ.

ಮೊದಲು: ಈ ರಿಪೋರ್ಟ್ ನಮಗೆ ಯಾಕೆ ಬೇಕು?

ಸುಮ್ನೆ ಇಡೀ ರಿಪೋರ್ಟನ್ನು ಪರೀಕ್ಷಿಸಲು ಕೂತರೆ ದಿನ ಹೋಗುತ್ತದೆ. ನಮ್ಮ ಕೆಲಸ ಯಾವ ಕಾಲಂ ಮೇಲೆ ನಿಂತಿದೆ ಎಂದು ಮೊದಲು ಗುರುತಿಸಿಕೊಳ್ಳಿ.

ಈ ಕಂಪನಿಯ ನಿಯಮ ಹೀಗಿತ್ತು. ಗಡುವು ದಾಟಿ ಒಂದರಿಂದ ಎರಡು ವರ್ಷ ಆದ ಬಾಕಿಗೆ ಶೇ 25 ಪ್ರಾವಿಷನ್, ಅಂದರೆ ಬಾರದೆ ಹೋಗಬಹುದು ಎಂದು ಮೊದಲೇ ನಷ್ಟವಾಗಿ ತೋರಿಸುವ ಮೊತ್ತ. ಎರಡರಿಂದ ಮೂರು ವರ್ಷದ್ದಕ್ಕೆ ಶೇ 50. ಮೂರು ವರ್ಷ ಮೀರಿದರೆ ಪೂರ್ತಿ. ಅಂದರೆ ನಮಗೆ ಮುಖ್ಯವಾದದ್ದು ಎರಡೇ: ಬಾಕಿ ಮೊತ್ತ ಮತ್ತು ಹಣ ಬರಬೇಕಿದ್ದ ದಿನಾಂಕ. ಗ್ರಾಹಕರ ವಿಳಾಸ, ಸೇಲ್ಸ್‌ಮನ್ ಹೆಸರು ಎಲ್ಲ ಈ ಕೆಲಸಕ್ಕೆ ಬೇಕಿಲ್ಲ.

ಇದೇ ಹಂತದಲ್ಲಿ ವಿವರ ಸಾಲುತ್ತದೆಯೇ ಎಂದೂ ನೋಡಿ. ಕಂಪನಿ ಕಾಯ್ದೆಯ ಮೂರನೇ ಷೆಡ್ಯೂಲ್ ಪ್ರಕಾರ ಬಾಕಿಯನ್ನು ಆರು ತಿಂಗಳೊಳಗೆ, ಆರು ತಿಂಗಳಿಂದ ಒಂದು ವರ್ಷ, ಒಂದರಿಂದ ಎರಡು, ಎರಡರಿಂದ ಮೂರು, ಮೂರು ವರ್ಷಕ್ಕಿಂತ ಜಾಸ್ತಿ ಎಂದು ವಿಂಗಡಿಸಿ ತೋರಿಸಬೇಕು. ಎಣಿಕೆ ಶುರುವಾಗುವುದು ಹಣ ಕೊಡಬೇಕಾದ ದಿನದಿಂದ. ಅಂಥ ದಿನ ನಿಗದಿ ಆಗಿಲ್ಲದಿದ್ದರೆ ವ್ಯವಹಾರದ ದಿನದಿಂದ. ಕಂಪನಿಯ ರಿಪೋರ್ಟ್ 30, 60, 90, 180 ದಿನ ತೋರಿಸಿ, ಉಳಿದದ್ದನ್ನೆಲ್ಲ ‘180 ದಿನಕ್ಕಿಂತ ಜಾಸ್ತಿ’ ಎಂದು ಒಂದೇ ಕಾಲಂಗೆ ಹಾಕಿದ್ದರೆ? ಅದರಲ್ಲಿ ತಪ್ಪೇನೂ ಇಲ್ಲದಿರಬಹುದು. ಆದರೂ ನಮಗೆ ಅದರಿಂದ ಉಪಯೋಗವಿಲ್ಲ.

ರಿಪೋರ್ಟ್ ತೆಗೆಯುವಾಗ ಪಕ್ಕದಲ್ಲೇ ಕೂರಿ

ಮೇಲ್‌ನಲ್ಲಿ ಬಂದ ಎಕ್ಸೆಲ್ ಫೈಲ್ ಎಲ್ಲಿಂದ ಹೊರಟಿತು, ನಡುವೆ ಯಾರು ಕೈ ಹಾಕಿದರು ಎಂದು ಫೈಲ್ ನೋಡಿ ಹೇಳಲಾಗದು. ಅದಕ್ಕೇ ಅಕೌಂಟೆಂಟ್ ಪಕ್ಕದಲ್ಲಿ ಕುಳಿತು, ‘ಸರ್, ಇನ್ನೊಂದು ಸಲ ನನ್ನೆದುರೇ ತೆಗೆಯಿರಿ’ ಎಂದು ಕೇಳಿ. ಇದರಲ್ಲಿ ಅನುಮಾನದ ಮಾತಿಲ್ಲ, ಹೆಚ್ಚಿನವರು ಬೇಸರ ಮಾಡಿಕೊಳ್ಳುವುದೂ ಇಲ್ಲ.

ಆಗ ಪರದೆಯ ಮೇಲೆ ಅವರು ಆರಿಸುವ ಪ್ರತಿಯೊಂದನ್ನೂ ಗಮನಿಸಿ. ಯಾವ ತಾರೀಖಿಗೆ? ಯಾವ ಗುಂಪಿನ ಗ್ರಾಹಕರು? ಎಲ್ಲ ಬ್ರಾಂಚ್‌ಗಳೂ ಸೇರಿವೆಯೇ? ವಯಸ್ಸು ಎಣಿಸುವುದು ಬಿಲ್ ತಾರೀಖಿನಿಂದಲೋ, ಗಡುವಿನ ತಾರೀಖಿನಿಂದಲೋ? ಟ್ಯಾಲಿಯಂಥ ಸಾಫ್ಟ್‌ವೇರ್‌ಗಳಲ್ಲಿ ಎರಡೂ ಆಯ್ಕೆ ಇರುತ್ತವೆ. 45 ದಿನ ಸಾಲ ಕೊಡುವ ಕಂಪನಿಯಲ್ಲಿ ಈ ಒಂದು ಆಯ್ಕೆ ಬದಲಾದರೆ ಸಾಕು, ಎಷ್ಟೋ ಬಿಲ್‌ಗಳು ಒಂದು ಕಾಲಂನಿಂದ ಇನ್ನೊಂದಕ್ಕೆ ಜಿಗಿಯುತ್ತವೆ. ಮೊತ್ತ ಮಾತ್ರ ಅಲ್ಲಾಡುವುದಿಲ್ಲ. ಆ ಪರದೆಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಪರದೆ ತೋರಿಸಿದ ಮೊತ್ತವನ್ನೂ ಸಾಲುಗಳ ಸಂಖ್ಯೆಯನ್ನೂ ಬರೆದುಕೊಳ್ಳಿ.

ಎಕ್ಸೆಲ್‌ಗೆ ಇಳಿಸಿದ ಮೇಲೆ ಅವೆರಡನ್ನೂ ಮತ್ತೆ ಹೋಲಿಸಿ. ಹಳೆಯ `.xls` ಫೈಲ್‌ನಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ. ಸಾಲುಗಳು ಸರಿಯಾಗಿ ಆ ಸಂಖ್ಯೆಯಲ್ಲೇ ನಿಂತಿದ್ದರೆ ಉಳಿದದ್ದು ಕತ್ತರಿಸಿ ಹೋಗಿದೆ ಎಂದೇ ತಿಳಿಯಿರಿ.

ಇನ್ನೂ ಮೋಸದ ಜಾಗ ತಾರೀಖು. ಲ್ಯಾಪ್‌ಟಾಪ್‌ನ ತಾರೀಖು ಸೆಟ್ಟಿಂಗ್ ಅಮೆರಿಕ ಕ್ರಮದಲ್ಲಿದ್ದರೆ, `03-04-2024` ಎಂಬ ಏಪ್ರಿಲ್ 3 ಸದ್ದಿಲ್ಲದೆ ಮಾರ್ಚ್ 4 ಆಗಿಬಿಡುತ್ತದೆ. `25-04-2024` ಮಾತ್ರ ಹಾಗಾಗುವುದಿಲ್ಲ, ಯಾಕೆಂದರೆ 25ನೇ ತಿಂಗಳು ಇಲ್ಲ. ಅದು ಬರೀ ಅಕ್ಷರವಾಗಿ ಉಳಿಯುತ್ತದೆ. ಪತ್ತೆ ಹಚ್ಚುವುದು ಸುಲಭ: ಒಂದೇ ಕಾಲಂನಲ್ಲಿ ಕೆಲವು ತಾರೀಖುಗಳು ಬಲಕ್ಕೆ, ಕೆಲವು ಎಡಕ್ಕೆ ಅಂಟಿಕೊಂಡಿದ್ದರೆ ಅಲ್ಲೇ ನಿಲ್ಲಿ. ಎಡಕ್ಕಿರುವವು ಅಕ್ಷರವಾಗಿ ಉಳಿದವು. ಬಲಕ್ಕಿರುವ ತಾರೀಖುಗಳಲ್ಲೇ ದಿನ ಮತ್ತು ತಿಂಗಳು ಅದಲುಬದಲಾಗಿರುವ ಸಾಧ್ಯತೆ ಇರುವುದು.

ಪೂರ್ತಿ ಇದೆಯೇ? ಹೊರಗಿನಿಂದ ಒಳಕ್ಕೆ ನೋಡಿ

ಟ್ರಯಲ್ ಬ್ಯಾಲೆನ್ಸ್ ಜೊತೆ ಹೋಲಿಸುವುದು ಮೊದಲ ಪರೀಕ್ಷೆ. ಅದು ಬೇಕೇ ಬೇಕು. ಆದರೆ ಬಿಲ್ ಹಾಕುವುದನ್ನೇ ಮರೆತಿದ್ದರೆ ಲೆಡ್ಜರ್‌ನಲ್ಲೂ ಇಲ್ಲ, ರಿಪೋರ್ಟ್‌ನಲ್ಲೂ ಇಲ್ಲ. ಎರಡೂ ಹೊಂದಿಕೊಂಡೇ ಇರುತ್ತವೆ. ರಿಪೋರ್ಟ್‌ನೊಳಗಿಂದ ಎಷ್ಟು ಬಿಲ್ ಆರಿಸಿ ನೋಡಿದರೂ, ಅದರಲ್ಲಿ ಇಲ್ಲದ ಬಿಲ್ ಕಾಣುವುದಿಲ್ಲ, ಅಲ್ವಾ?

ಅದಕ್ಕೆ ಹೊರಗಿನಿಂದ ಶುರು ಮಾಡಬೇಕು. ಮಾರ್ಚ್ ತಿಂಗಳ ಡೆಲಿವರಿ ಚಲನ್‌ಗಳಿಂದಲೋ ಇ-ವೇ ಬಿಲ್‌ಗಳಿಂದಲೋ ಕೆಲವನ್ನು ಆರಿಸಿ. ಅದಕ್ಕೆ ಬಿಲ್ ಆಗಿದೆಯೇ, ಮಾರ್ಚ್ 31ರೊಳಗೆ ಹಣ ಬಂದಿದೆಯೇ ನೋಡಿ. ಬಂದಿಲ್ಲವಾದರೆ ಅದು ರಿಪೋರ್ಟ್‌ನಲ್ಲಿ ಇರಲೇಬೇಕು. ನಾವು ಹೀಗೆ ಹದಿನೈದು ತೆಗೆದುಕೊಂಡೆವು. ಹಣ ಬಾರದ ಹನ್ನೊಂದೂ ರಿಪೋರ್ಟ್‌ನಲ್ಲಿದ್ದವು.

ಮೊತ್ತವೇ ಹೊಂದದಿದ್ದರೆ ನಾನು ಮೊದಲು ಹುಡುಕುವುದು ಬೇರೆ ಗುಂಪಿಗೆ ಸೇರಿದ ಗ್ರಾಹಕರನ್ನು. ನಮ್ಮಿಂದ ಕೊಳ್ಳುವವರೂ ನಮಗೆ ಮಾರುವವರೂ ಒಬ್ಬರೇ ಆದಾಗ, ಅವರ ಖಾತೆ ಸಾಲಗಾರರ ಗುಂಪಿನ ಬದಲು ಸಪ್ಲೈಯರ್‌ಗಳ ಗುಂಪಿನಲ್ಲಿ ಕೂತಿರುತ್ತದೆ.

ಸರಿ ಇದೆಯೇ? ಒಳಗಿನಿಂದ ಹೊರಕ್ಕೆ ನೋಡಿ

ಈಗ ದಿಕ್ಕು ಉಲ್ಟಾ. ರಿಪೋರ್ಟ್‌ನಿಂದ ಸಾಲುಗಳನ್ನು ಆರಿಸಿ ಮೂಲ ಬಿಲ್‌ಗೆ ಹೋಗಬೇಕು. ಪ್ರತಿ ಕಾಲಂನಿಂದಲೂ ಕೆಲವು ಸಾಲು ಇರಲಿ, ಬರೀ ದೊಡ್ಡ ಮೊತ್ತಗಳೇ ಬೇಡ. ಬಿಲ್‌ನಲ್ಲಿರುವ ತಾರೀಖು, ಆರ್ಡರ್‌ನಲ್ಲಿ ಒಪ್ಪಿಕೊಂಡ ಸಾಲದ ಅವಧಿ, ಉಳಿದ ಬಾಕಿ, ಈ ಮೂರನ್ನೂ ನೋಡಿ. ಬಾಕಿ ದಿನಗಳನ್ನು ಇಡೀ ಪಟ್ಟಿಗೇ ನೀವೇ ಮತ್ತೆ ಲೆಕ್ಕ ಹಾಕಿ. ಗಡುವಿನ ತಾರೀಖು E ಕಾಲಂನಲ್ಲಿದ್ದರೆ:

```
=DATE(2025,3,31)-E2
```

ಎಲ್ಲಾದರೂ `#VALUE!` ಬಂದರೆ ಅದು ಮೇಲೆ ಹೇಳಿದ, ಅಕ್ಷರವಾಗಿ ಉಳಿದ ತಾರೀಖು. ಲೆಕ್ಕ ಎಲ್ಲ ಸಾಲಿಗೂ ಹೊಂದಿದರೆ ಸಾಫ್ಟ್‌ವೇರ್ ಕಳೆಯುವ ಲೆಕ್ಕ ಸರಿಯಾಗಿ ಮಾಡಿದೆ ಎಂದಷ್ಟೇ ಅರ್ಥ. ಅದಕ್ಕೆ ಕೊಟ್ಟ ತಾರೀಖು ಸರಿಯೇ ಎಂಬುದು ಬೇರೆ ಪ್ರಶ್ನೆ.

ನಮ್ಮ ತಪ್ಪು ಸಿಕ್ಕಿದ್ದು ಅಲ್ಲಿಯೇ. ಸಾಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿದಾಗ, ಟಿಕ್ ಹಾಕಿದ್ದ ಅದೇ ಹುಡುಗ ಕೇಳಿದ: ‘ಸರ್, ಹದಿನಾಲ್ಕು ಗ್ರಾಹಕರಿಗೆ ಒಂದೇ ದಿನ ಹೇಗೆ ಬಿಲ್ ಆಯಿತು?’ ಹದಿನಾಲ್ಕು ಸಾಲುಗಳಲ್ಲೂ ತಾರೀಖು `01-04-2023`. ಬಿಲ್ ನಂಬರ್ ಕೂಡ ಮಾಮೂಲಿನಂತಿರಲಿಲ್ಲ. `OB-01`, `OB-02` ಅಂತ ಹೋಗಿತ್ತು. ಒಟ್ಟು 38,40,000 ರೂಪಾಯಿ.

ಕಂಪನಿ ಆ ದಿನ ಹಳೆಯ ಸಾಫ್ಟ್‌ವೇರ್ ಬಿಟ್ಟು ಹೊಸದಕ್ಕೆ ಬದಲಾಗಿತ್ತು. ಹಳೆ ಬಾಕಿಯನ್ನು ಬಿಲ್‌ವಾರು ತರದೆ, ಪ್ರತಿ ಗ್ರಾಹಕರಿಗೂ ಒಂದೊಂದು ಓಪನಿಂಗ್ ಬ್ಯಾಲೆನ್ಸ್ ಸಾಲು ಹಾಕಿದ್ದರು. ತಾರೀಖು ಕೇಳಿದಾಗ ಬದಲಾದ ದಿನವನ್ನೇ ಕೊಟ್ಟಿದ್ದರು. ಅಲ್ಲಿಗೆ ಎಲ್ಲ ಹಳೆ ಬಾಕಿಯ ವಯಸ್ಸೂ ಅಳಿಸಿ, ಹೊಸದಾಗಿ ಹುಟ್ಟಿದ ಹಾಗಾಯಿತು. ರಿಪೋರ್ಟ್ ಅವನ್ನೆಲ್ಲ ಒಂದರಿಂದ ಎರಡು ವರ್ಷದ ಕಾಲಂಗೆ ಹಾಕಿತ್ತು. ಶೇ 25ರಂತೆ ಪ್ರಾವಿಷನ್ 9,60,000.

ಹಳೆ ಸಾಫ್ಟ್‌ವೇರ್ ಇನ್ನೂ ಒಂದು ಕಂಪ್ಯೂಟರ್‌ನಲ್ಲಿತ್ತು. ಅದರಿಂದ 2023ರ ಮಾರ್ಚ್ 31ರ ಬಿಲ್‌ವಾರು ಪಟ್ಟಿ ತೆಗೆಸಿದೆವು. ಅದರ ಮೊತ್ತವನ್ನು ಆ ವರ್ಷ ಆಡಿಟ್ ಆದ ಲೆಕ್ಕದ ಜೊತೆ ಹೋಲಿಸಿದೆವು. ಇದೂ ಕಂಪನಿ ಕೊಟ್ಟ ರಿಪೋರ್ಟೇ ಆದ್ದರಿಂದ, ಕಾಗದದ ಬಿಲ್‌ಗಳನ್ನೂ ತರಿಸಿ ತಾರೀಖು ನೋಡಿದೆವು. ನಿಜವಾಗಿ 22,40,000 ಮೂರು ವರ್ಷ ಮೀರಿತ್ತು. 10,00,000 ಎರಡರಿಂದ ಮೂರು ವರ್ಷದ್ದು. ಉಳಿದ 6,00,000 ಮಾತ್ರ, 2023ರ ಮಾರ್ಚ್ ಬಿಲ್‌ಗಳಾಗಿ ಗಡುವು ಮೇ ತಿಂಗಳಲ್ಲಿದ್ದರಿಂದ, ಇದ್ದ ಕಾಲಂನಲ್ಲೇ ಸರಿಯಾಗಿತ್ತು.

ಹೊಸ ಲೆಕ್ಕ: 22,40,000 ಪೂರ್ತಿ, 10,00,000ಕ್ಕೆ 5,00,000, 6,00,000ಕ್ಕೆ 1,50,000. ಒಟ್ಟು 28,90,000. ಅಂದರೆ 19,30,000 ರೂಪಾಯಿ ಪ್ರಾವಿಷನ್ ಕಮ್ಮಿ ಬಿದ್ದಿತ್ತು. ಬಾಕಿಯ ಮೊತ್ತದಲ್ಲಿ ಇದರ ಸುಳಿವೂ ಇರಲಿಲ್ಲ.

ಇದರ ವಿರುದ್ಧ ದಿಕ್ಕಿನ ತಪ್ಪೂ ಉಂಟು. ಗ್ರಾಹಕರು ಕೊಟ್ಟ ಹಣವನ್ನು ಯಾವ ಬಿಲ್‌ಗೆ ಎಂದು ಗುರುತಿಸದೆ ‘ಆನ್ ಅಕೌಂಟ್’ ಎಂದು ಬರೆದಿಟ್ಟರೆ, ಹಣ ಬಂದ ಬಿಲ್ ಕೂಡ ಬಾಕಿಯಂತೆ ಹಳೆಯದಾಗುತ್ತಾ ಹೋಗುತ್ತದೆ. ಏಜಿಂಗ್‌ನಲ್ಲಿ ಮೈನಸ್ ಸಾಲುಗಳು ಕಂಡರೆ ಒಂದೊಂದನ್ನೂ ಕೇಳಿ ಬಿಡಿಸಿಕೊಳ್ಳಿ.

ಎಷ್ಟು ಸಾಲು ನೋಡಿದರೆ ಸಾಕು?

ಇದು ಸಾಫ್ಟ್‌ವೇರ್ ಸುತ್ತಲಿನ ಕಟ್ಟುಪಾಡಿನ ಮೇಲೆ ನಿಂತಿದೆ. ರಿಪೋರ್ಟ್‌ನ ಪ್ರೋಗ್ರಾಂ ಅನ್ನು ಸಿಕ್ಕವರೆಲ್ಲ ಬದಲಿಸಲು ಆಗುವುದಿಲ್ಲ, ತಾರೀಖು ತಿದ್ದಲು ಎಲ್ಲರಿಗೂ ಅನುಮತಿ ಇಲ್ಲ ಎಂದು ನಾವೇ ಪರೀಕ್ಷಿಸಿ ಖಚಿತ ಮಾಡಿಕೊಂಡಿದ್ದರೆ, ರಿಪೋರ್ಟ್ ಲೆಕ್ಕ ಹಾಕುವ ರೀತಿಯನ್ನು ಪ್ರತಿ ಕಾಲಂಗೆ ಒಂದೆರಡು ಸಾಲಿನಲ್ಲೇ ನೋಡಬಹುದು. ಹಾಗಿಲ್ಲದಿದ್ದರೆ ಜಾಸ್ತಿ ಸಾಲು ನೋಡದೆ ದಾರಿಯಿಲ್ಲ. ಸಣ್ಣ ಕಂಪನಿಗಳಲ್ಲಿ ಒಂದೇ ಪಾಸ್‌ವರ್ಡನ್ನು ಮೂವರು ಬಳಸುವುದನ್ನು ನೋಡಿದ್ದೇನೆ. ಅಲ್ಲಿ ನಾನು ಎರಡನೆಯ ದಾರಿಯನ್ನೇ ಹಿಡಿಯುತ್ತೇನೆ.

2023ರ ಏಪ್ರಿಲ್ 1ರಿಂದ ಕಂಪನಿಗಳ ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯೂ ದಾಖಲಾಗುವ ಎಡಿಟ್ ಲಾಗ್ ಇರಬೇಕು, ಅದನ್ನು ಆಫ್ ಮಾಡಲು ಆಗಬಾರದು. ಬಿಲ್‌ನ ಗಡುವನ್ನು ಮಾರ್ಚ್ ಕೊನೆಯಲ್ಲಿ ಯಾರಾದರೂ ಮುಂದಕ್ಕೆ ಹಾಕಿದ್ದಾರೆಯೇ ಎಂದು ನೋಡಲು ಇದು ಬಹಳ ಸಹಾಯ. ಆದರೆ ಮೊದಲ ಬಾರಿಗೇ ತಪ್ಪು ತಾರೀಖು ಹಾಕಿದ್ದರೆ ಲಾಗ್‌ನಲ್ಲಿ ತಿದ್ದುಪಡಿ ಎಂದು ಏನೂ ಕಾಣದು. ಎಕ್ಸೆಲ್‌ಗೆ ಇಳಿದ ಮೇಲೆ ಆದ ಬದಲಾವಣೆಯೂ ಅದರಲ್ಲಿ ಸಿಗುವುದಿಲ್ಲ.

ಫೈಲ್‌ನಲ್ಲಿ ಏನು ಬರೆಯಬೇಕು?

ರಿಪೋರ್ಟ್ ಹೆಸರು, ತೆಗೆದ ದಿನ, ತೆಗೆದವರು, ಆಯ್ಕೆಗಳ ಸ್ಕ್ರೀನ್‌ಶಾಟ್, ಎರಡೂ ದಿಕ್ಕಿನಲ್ಲಿ ನೋಡಿದ ಸಾಲುಗಳು, ಸಿಕ್ಕ ತಪ್ಪು, ಅದನ್ನು ಬಗೆಹರಿಸಿದ ರೀತಿ. ‘ಕ್ಲೈಂಟ್ ಕೊಟ್ಟ ರಿಪೋರ್ಟ್, ಟ್ರಯಲ್ ಬ್ಯಾಲೆನ್ಸ್‌ಗೆ ಹೊಂದಿದೆ’ ಎಂಬ ಒಂದು ಸಾಲು ಸಾಲದು.

ಪೀಣ್ಯದ ಅಕೌಂಟೆಂಟ್ ಏನನ್ನೂ ಮುಚ್ಚಿಟ್ಟಿರಲಿಲ್ಲ. ಹಳೆ ಪಟ್ಟಿ ತೋರಿಸಿದಾಗ ಅವರೇ ಕುಳಿತು ಹದಿನಾಲ್ಕು ಸಾಲುಗಳನ್ನು ಒಡೆದು, ಬಿಲ್‌ವಾರು ತಾರೀಖಿನೊಡನೆ ಮತ್ತೆ ಹಾಕಿದರು. ಎರಡು ದಿನದ ಕೆಲಸ. ಆಮೇಲೆ ನಾವು ರಿಪೋರ್ಟನ್ನು ಅವರ ಪಕ್ಕದಲ್ಲೇ ಕುಳಿತು ಹೊಸದಾಗಿ ತೆಗೆಸಿದೆವು. ಮೊತ್ತ ಈ ಸಲವೂ 4,82,60,000.